ಬ್ಯಾಗಿನೊಳಗೆ ಮಲಗಬಲ್ಲ ಯಂತ್ರ

ತಿಂಗಳಲ್ಲಿ ಹತ್ತು ಹದಿನೈದು ದಿನ ರೈಲು, ವಿಮಾನ, ಲಾಡ್ಜುಗಳಲ್ಲೇ ಕಳೆಯುವವರು ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ ಕೊಳ್ಳಲು ಹೊರಟರೆ ಮೊದಲು ಕಿವಿಗೆ ಬೀಳುವುದು ಚಿಪ್ಪಿನ ತಾಕತ್ತಿನ ಮಾತು. ಯಾವುದರಲ್ಲಿ ಆಟ ಹೆಚ್ಚು ನಯವಾಗಿ ಓಡುತ್ತದೆ, ಯಾವುದರ ಪರದೆ ದೊಡ್ಡದು, ಯಾವುದಕ್ಕೆ ಎಷ್ಟು ರ‍್ಯಾಮ್. ಇವೆಲ್ಲ ಮನೆಯ ಸೋಫಾದಲ್ಲಿ ಕಾಲು ಚಾಚಿ ಆಡುವವರಿಗೆ ಬೇಕಾದ ಲೆಕ್ಕಗಳು. ಓಡಾಡುವವರಿಗೆ ಇದಕ್ಕಿಂತ ಮುಖ್ಯವಾದದ್ದೊಂದಿದೆ. ಆಟ ಅರ್ಧಕ್ಕೆ ಬಂದಿದೆ, ಅಷ್ಟರಲ್ಲಿ ಇಳಿಯುವ ಸ್ಟೇಷನ್ ಬಂತು, ಪವರ್ ಬಟನ್ ಒತ್ತಿ ಯಂತ್ರವನ್ನು ಬ್ಯಾಗಿಗೆ ತುರುಕಿದ್ದಾಯಿತು. ಐದು ಗಂಟೆ ಬಿಟ್ಟು ಹೊರತೆಗೆದಾಗ ಅದು ಹೇಗಿರುತ್ತದೆ? ಬಿಟ್ಟಲ್ಲಿಂದಲೇ ಆಟ ಮುಂದುವರಿಯುತ್ತದೆಯೋ, ಇಲ್ಲ ಕಾದ ಹೆಂಚಿನಂತೆ ಬಿಸಿಯಾಗಿ ಬ್ಯಾಟರಿ ಖಾಲಿ ಮಾಡಿಕೊಂಡಿರುತ್ತದೆಯೋ?

ಈ ಒಂದು ಪ್ರಶ್ನೆಯನ್ನು ಹಿಡಿದು ಹೊರಟರೆ ಕನ್ಸೋಲೋ ಪಿಸಿಯೋ ಎನ್ನುವ ಗೊಂದಲ ಮುಕ್ಕಾಲು ಪಾಲು ತಿಳಿಯಾಗುತ್ತದೆ.

ಮೊದಲು ಎರಡರ ಪರಿಚಯ. ಕನ್ಸೋಲ್ ಎಂದರೆ ಆಟಕ್ಕೆಂದೇ ಮಾಡಿದ ಯಂತ್ರ. ಇವತ್ತು ಈ ಜಾತಿಯಲ್ಲಿ ಲೆಕ್ಕಕ್ಕೆ ಬರುವುದು ನಿಂಟೆಂಡೊ ಕಂಪನಿಯ ಸ್ವಿಚ್ ಮನೆತನ: 2017ರಲ್ಲಿ ಬಂದ ಸ್ವಿಚ್, 2021ರ ಓಎಲ್‌ಇಡಿ ಪರದೆಯ ಸ್ವಿಚ್, 2025ರ ಜೂನ್‌ನಲ್ಲಿ ಬಂದ ಸ್ವಿಚ್ 2. ಹಾರ್ಡ್‌ವೇರ್, ಅದರ ಮೇಲಿನ ಸಾಫ್ಟ್‌ವೇರ್, ಆಟ ಮಾರುವ ಅಂಗಡಿ ಮೂರೂ ಒಂದೇ ಕಂಪನಿಯ ಕೈಯಲ್ಲಿವೆ. ಆಟ ಬರೆಯುವವರಿಗೆ ಇದು ಯಾವ ಯಂತ್ರದಲ್ಲಿ ಓಡುತ್ತದೆ ಎಂದು ಮೊದಲೇ ಗೊತ್ತು. ಹ್ಯಾಂಡ್‌ಹೆಲ್ಡ್ ಪಿಸಿ ಹಾಗಲ್ಲ. ಅದು ಕೀಬೋರ್ಡ್ ಕಿತ್ತು, ಎರಡು ಬದಿಗೆ ಬಟನ್ ಮತ್ತು ಸ್ಟಿಕ್ ಅಂಟಿಸಿದ ಲ್ಯಾಪ್‌ಟಾಪ್. ವಾಲ್ವ್ ಕಂಪನಿಯ ಸ್ಟೀಮ್ ಡೆಕ್ 2022ರಲ್ಲಿ ಈ ದಾರಿ ತೆರೆಯಿತು. ಹಿಂದೆಯೇ ಏಸಸ್‌ನ ಆರ್‌ಓಜಿ ಆಲೈ, ಲೆನೊವೊದ ಲೀಜನ್ ಗೋ, ಎಂಎಸ್‌ಐನ ಕ್ಲಾ ಬಂದವು. ಡೆಕ್‌ನಲ್ಲಿ ಲಿನಕ್ಸ್ ಮೇಲೆ ಕಟ್ಟಿದ ಸ್ಟೀಮ್‌ಓಎಸ್ ಇದೆ, ಉಳಿದವುಗಳಲ್ಲಿ ಹೆಚ್ಚಿನವಕ್ಕೆ ವಿಂಡೋಸ್ 11.

ಸೋನಿಯ ಪ್ಲೇಸ್ಟೇಷನ್ ಪೋರ್ಟಲ್ ಕೂಡ ಕೈಯಲ್ಲಿ ಹಿಡಿಯುವ ಯಂತ್ರವೇ ಅಲ್ಲವೇ ಎಂದು ಕೇಳುವವರಿದ್ದಾರೆ. ನೋಡಲು ಹೌದು. ಆದರೆ ಅದರೊಳಗೆ ಆಟ ಓಡುವುದಿಲ್ಲ. ಮನೆಯ ಪಿಎಸ್5ರಿಂದಲೋ ಸರ್ವರ್‌ನಿಂದಲೋ ಬರುವ ಚಿತ್ರವನ್ನು ವೈ-ಫೈ ಮೂಲಕ ತೋರಿಸುವ ಪರದೆ ಅದು. ಘಾಟಿ ಇಳಿಯುವ ಬಸ್ಸಿನಲ್ಲಿ ಅದು ಯಾವ ಕೆಲಸಕ್ಕೂ ಬಾರದು.

ಇನ್ನು ನಿದ್ದೆಯ ವಿಷಯ. ಸ್ವಿಚ್‌ನ ಪವರ್ ಬಟನ್ ಒಮ್ಮೆ ಒತ್ತಿದರೆ ಆಟ ಇದ್ದಲ್ಲೇ ನಿಲ್ಲುತ್ತದೆ, ಮತ್ತೆ ಒತ್ತಿದರೆ ಎರಡು ಮೂರು ಸೆಕೆಂಡಿನಲ್ಲಿ ಅದೇ ಕ್ಷಣದಿಂದ ಹೊರಡುತ್ತದೆ. ಆಟದ ನೆನಪನ್ನು ಹಿಡಿದಿಡಲು ರ‍್ಯಾಮ್‌ಗೆ ಚೂರು ವಿದ್ಯುತ್ ಬೇಕು, ಉಳಿದದ್ದರಲ್ಲಿ ಹೆಚ್ಚಿನದು ಬಂದ್. ಒಂದೇ ಕಂಪನಿ ಎಲ್ಲವನ್ನೂ ಮಾಡಿರುವುದರಿಂದ ಮಧ್ಯರಾತ್ರಿ ಯಂತ್ರವನ್ನು ಎಬ್ಬಿಸುವ ಮೂರನೆಯವರ ಸಾಫ್ಟ್‌ವೇರ್ ಅಲ್ಲಿಲ್ಲ. ಸ್ಟೀಮ್ ಡೆಕ್ ಪಿಸಿಯಾದರೂ ಈ ವಿಷಯದಲ್ಲಿ ಕನ್ಸೋಲಿನ ಪಕ್ಕದಲ್ಲೇ ನಿಲ್ಲುತ್ತದೆ, ಏಕೆಂದರೆ ವಾಲ್ವ್ ಅದರ ಚಿಪ್ಪಿಗೂ ಸಾಫ್ಟ್‌ವೇರಿಗೂ ಒಟ್ಟಿಗೇ ಕೂತು ಕೆಲಸ ಮಾಡಿದೆ. ರಾತ್ರಿಯಿಡೀ ಮಲಗಿಸಿ ಬೆಳಿಗ್ಗೆ ನೋಡಿದರೆ ಬ್ಯಾಟರಿ ಸ್ವಲ್ಪ ಇಳಿದಿರುತ್ತದೆ, ಅಷ್ಟೆ.

ವಿಂಡೋಸ್ ಯಂತ್ರಗಳ ಕಥೆ ಬೇರೆ, ಮತ್ತು ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಸ್ಲೀಪ್ ಎಂದರೆ ನಿಜವಾದ ನಿದ್ದೆ: ಪ್ರೊಸೆಸರ್ ಬಂದ್, ರ‍್ಯಾಮ್ ಮಾತ್ರ ಎಚ್ಚರ. ಈಗಿನ ವಿಂಡೋಸ್ ಯಂತ್ರಗಳಲ್ಲಿ ಅದರ ಜಾಗಕ್ಕೆ ಮಾಡರ್ನ್ ಸ್ಟ್ಯಾಂಡ್‌ಬೈ ಬಂದಿದೆ. ಮೊಬೈಲಿನಂತೆ ಪರದೆ ಆರಿದರೂ ಒಳಗೆ ಯಂತ್ರ ಅರೆನಿದ್ದೆಯಲ್ಲಿರುತ್ತದೆ. ಮೇಲ್ ಬಂತೇ, ಅಪ್‌ಡೇಟ್ ಇದೆಯೇ ಎಂದು ಆಗಾಗ ಕಣ್ಣು ಬಿಟ್ಟು ನೋಡುತ್ತದೆ. ಎಲ್ಲವೂ ಸರಿಯಿದ್ದರೆ ತೊಂದರೆಯಿಲ್ಲ. ಆದರೆ ಒಂದು ಡ್ರೈವರೋ, ಒಂದು ಲಾಂಚರೋ, ಓಡುತ್ತಲೇ ಇರುವ ಒಂದು ಆಟವೋ ಅದನ್ನು ಮತ್ತೆ ಮಲಗಲು ಬಿಡದಿದ್ದರೆ ಯಂತ್ರ ಬ್ಯಾಗಿನೊಳಗೇ ಪೂರ್ತಿ ಎದ್ದುಬಿಡುತ್ತದೆ. ಫ್ಯಾನ್ ತಿರುಗುತ್ತದೆ, ಸುತ್ತ ಬಟ್ಟೆ, ಗಾಳಿಗೆ ದಾರಿಯಿಲ್ಲ. ಬ್ಯಾಗಿಗೆ ಕೈ ಹಾಕಿದಾಗ ಯಂತ್ರ ಬೆಚ್ಚಗಿದ್ದರೆ ಆಗಿರುವುದು ಇದೇ.

ಇದನ್ನು ಪತ್ತೆ ಮಾಡುವುದು ಕಷ್ಟವಲ್ಲ. ವಿಂಡೋಸ್‌ನಲ್ಲಿ ಟರ್ಮಿನಲ್ ಅನ್ನು ಅಡ್ಮಿನ್ ಆಗಿ ತೆರೆದು ಈ ಮೂರು ಸಾಲು ಬರೆದರೆ ಸಾಕು:

```
powercfg /a
powercfg /sleepstudy
powercfg /hibernate on
```

ಮೊದಲನೆಯದು ನಿಮ್ಮ ಯಂತ್ರಕ್ಕೆ ಯಾವ ಯಾವ ಬಗೆಯ ನಿದ್ದೆ ಬರುತ್ತದೆ ಎಂದು ಹೇಳುತ್ತದೆ. ಅಲ್ಲಿ `S0 Low Power Idle` ಎಂದು ಕಂಡರೆ ಅದೇ ಅರೆನಿದ್ದೆ. ಎರಡನೆಯದು ಒಂದು ವರದಿಯ ಫೈಲ್ ಮಾಡಿಕೊಡುತ್ತದೆ. ಮಲಗಿದ್ದ ಪ್ರತಿ ಅವಧಿಯಲ್ಲಿ ಎಷ್ಟು ಬ್ಯಾಟರಿ ಹೋಯಿತು, ಯಾವ ಭಾಗ ಯಂತ್ರವನ್ನು ಎಚ್ಚರವಾಗಿಟ್ಟಿತ್ತು ಎನ್ನುವುದು ಅದರಲ್ಲಿರುತ್ತದೆ. ಮೂರನೆಯದು ಮದ್ದು. ಹೈಬರ್ನೇಟ್ ಎಂದರೆ ರ‍್ಯಾಮ್‌ನಲ್ಲಿರುವುದನ್ನೆಲ್ಲ ಎಸ್‌ಎಸ್‌ಡಿಗೆ ಬರೆದಿಟ್ಟು ಯಂತ್ರವನ್ನು ಪೂರ್ತಿ ಆರಿಸುವುದು. ಆಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ, ಪವರ್ ಬಟನ್ ಒತ್ತಿದರೆ ಸ್ಲೀಪ್ ಬದಲು ಹೈಬರ್ನೇಟ್ ಆಗುವಂತೆ ಬದಲಿಸಿಕೊಂಡರೆ ಬ್ಯಾಗಿನೊಳಗೆ ಎದ್ದು ಕೂರುವ ಭಯ ಬಹುಮಟ್ಟಿಗೆ ಹೋಗುತ್ತದೆ. ಬೆಲೆಯೂ ಇದೆ: ಎದ್ದೇಳಲು ಎರಡು ಸೆಕೆಂಡಿನ ಬದಲು ಅರ್ಧ ನಿಮಿಷದ ಆಸುಪಾಸು ಬೇಕು, ಕೆಲವು ಆಟಗಳು ಈ ಆಳದ ನಿದ್ದೆಯಿಂದ ಏಳುವಾಗ ಸದ್ದು ಕಳೆದುಕೊಳ್ಳುತ್ತವೆ ಇಲ್ಲವೇ ಮುಚ್ಚಿಕೊಳ್ಳುತ್ತವೆ. ಹಾಗಾಗಿ ಇಳಿಯುವ ಮುಂಚೆ ಆಟದೊಳಗೇ ಸೇವ್ ಮಾಡುವ ಅಭ್ಯಾಸ ಬೇಕು.

2025ರ ಅಕ್ಟೋಬರ್‌ನಲ್ಲಿ ಬಂದ ಆರ್‌ಓಜಿ ಎಕ್ಸ್‌ಬಾಕ್ಸ್ ಆಲೈ ಜೊತೆ ಮೈಕ್ರೋಸಾಫ್ಟ್ ವಿಂಡೋಸ್‌ಗೆ ಒಂದು ಹೊಸ ಮುಖ ಕೊಟ್ಟಿದೆ. ಆನ್ ಮಾಡಿದರೆ ಡೆಸ್ಕ್‌ಟಾಪ್ ಬದಲು ನೇರವಾಗಿ ಆಟಗಳ ಪಟ್ಟಿ ತೆರೆಯುತ್ತದೆ, ಹಿನ್ನೆಲೆಯ ಕೆಲವು ಕೆಲಸಗಳು ಶುರುವಾಗುವುದೇ ಇಲ್ಲ. ಒಳ್ಳೆಯ ಹೆಜ್ಜೆ. ಆದರೂ ಅಡಿಯಲ್ಲಿರುವುದು ವಿಂಡೋಸೇ. ಯಾವಾಗಲೋ ಒಮ್ಮೆ ಅಂಗೈಯಗಲದ ಪರದೆಯ ಮೇಲೆ ಇರುವೆಯಷ್ಟು ಚಿಕ್ಕ ಬಟನ್ನನ್ನು ಬೆರಳಿನಿಂದ ಒತ್ತುವ ಪ್ರಸಂಗ ಬಂದೇ ಬರುತ್ತದೆ.

ನಿದ್ದೆ ಆಯಿತು, ಇನ್ನು ಊಟ. ಬ್ಯಾಟರಿಯನ್ನು ಅಳೆಯುವಾಗ ಎಂಎಎಚ್ ಬಿಟ್ಟು ವ್ಯಾಟ್-ಅವರ್ ನೋಡಿ. ಆ ಸಂಖ್ಯೆಯನ್ನು ಯಂತ್ರ ಎಳೆಯುವ ವ್ಯಾಟ್‌ನಿಂದ ಭಾಗಿಸಿದರೆ ಗಂಟೆ ಸಿಗುತ್ತದೆ, ಬೇರೆ ಯಾವ ವಿದ್ಯೆಯೂ ಬೇಡ. ಓಎಲ್‌ಇಡಿ ಸ್ವಿಚ್‌ನ ಬ್ಯಾಟರಿ 16 ವ್ಯಾಟ್-ಅವರ್. ಕಂಪನಿಯೇ ಹೇಳುವಂತೆ ಅದು ಆಟಕ್ಕೆ ತಕ್ಕಂತೆ ನಾಲ್ಕೂವರೆಯಿಂದ ಒಂಬತ್ತು ಗಂಟೆ ಬರುತ್ತದೆ. ಎಂದರೆ ಯಂತ್ರ ಎಳೆಯುವುದು ಬರೀ ಎರಡರಿಂದ ಮೂರೂವರೆ ವ್ಯಾಟ್; ಒಂದು ಚಿಕ್ಕ ಎಲ್‌ಇಡಿ ಬಲ್ಬಿಗಿಂತಲೂ ಕಡಿಮೆ. ಓಎಲ್‌ಇಡಿ ಸ್ಟೀಮ್ ಡೆಕ್‌ನಲ್ಲಿ 50 ವ್ಯಾಟ್-ಅವರ್ ಇದೆ, ಮೂರು ಪಟ್ಟಿಗಿಂತ ಹೆಚ್ಚು. ಆದರೆ ಭಾರವಾದ ಆಟ ಹಾಕಿದರೆ ಪರದೆ, ಫ್ಯಾನ್ ಎಲ್ಲ ಸೇರಿ ಇಪ್ಪತ್ತು ವ್ಯಾಟ್ ದಾಟುತ್ತದೆ, ಎರಡೂವರೆ ಗಂಟೆಯೊಳಗೆ ಮುಗಿಯಿತು. 2023ರ ಮೊದಲ ಆಲೈಗೆ 40 ವ್ಯಾಟ್-ಅವರ್ ಮಾತ್ರ ಇತ್ತು. ಅದರಲ್ಲಿ ದೊಡ್ಡ ಆಟ ಆಡುವವರು ಒಂದೂವರೆ ಗಂಟೆಗೇ ಸಾಕೆಟ್ ಹುಡುಕುತ್ತಿದ್ದರು. ಈ ದೂರಿಗೆ ಉತ್ತರವಾಗಿಯೇ ಆಲೈ ಎಕ್ಸ್‌ನಲ್ಲಿ ಬ್ಯಾಟರಿ ಎರಡು ಪಟ್ಟಾಗಿ 80ಕ್ಕೆ ಏರಿತು, ತೂಕವೂ 608 ಗ್ರಾಂನಿಂದ 678ಕ್ಕೆ ಏರಿತು.

ಹೊಸ ಸ್ವಿಚ್ 2 ಈ ಲೆಕ್ಕದಲ್ಲಿ ಅಣ್ಣನಿಗಿಂತ ಹಿಂದೆ. ಚಿಪ್ ಜೋರಾಯಿತು, ಪರದೆ 7.9 ಇಂಚಾಯಿತು, ಬ್ಯಾಟರಿ ಅಷ್ಟಾಗಿ ಬೆಳೆಯಲಿಲ್ಲ. ಕಂಪನಿ ಕೊಡುವ ಅಂದಾಜೇ ಎರಡರಿಂದ ಆರೂವರೆ ಗಂಟೆ. ಪ್ರಯಾಣಕ್ಕೆಂದೇ ಕೊಳ್ಳುವವರಿಗೆ ಹೊಸದೇ ಮೇಲು ಎಂದು ಕಣ್ಣು ಮುಚ್ಚಿ ಹೇಳುವ ಹಾಗಿಲ್ಲ.

ಪಿಸಿಗಳ ಪರವಾಗಿ ಒಂದು ಮಾತು ಹೇಳಬೇಕು. ಅವುಗಳಲ್ಲಿ ಬಳಕೆಯನ್ನು ನಾವೇ ಬಿಗಿಮಾಡಬಹುದು. ಡೆಕ್‌ನ ಬಲಗಡೆ ಮೂರು ಚುಕ್ಕೆಯ ಬಟನ್ ಇದೆ. ಒತ್ತಿ, ಬ್ಯಾಟರಿ ಚಿತ್ರದ ಪುಟಕ್ಕೆ ಹೋದರೆ ಸೆಕೆಂಡಿಗೆ ಎಷ್ಟು ಫ್ರೇಮ್ ಮತ್ತು ಚಿಪ್ ಎಷ್ಟು ವ್ಯಾಟ್ ಮೀರಬಾರದು ಎನ್ನುವ ಎರಡು ಗೆರೆಗಳು ಸಿಗುತ್ತವೆ. ಸ್ಟಾರ್ಡ್ಯೂ ವ್ಯಾಲಿಯಂಥ ಹೊಲ ಊಳುವ, ದನ ಸಾಕುವ ಹಗುರ ಆಟಕ್ಕೆ ಚಿಪ್ಪನ್ನು ನಾಲ್ಕೈದು ವ್ಯಾಟ್‌ಗೆ ಕಟ್ಟಿಹಾಕಿದರೂ ಏನೂ ವ್ಯತ್ಯಾಸ ಕಾಣುವುದಿಲ್ಲ. ಆಗ ಇಡೀ ಯಂತ್ರ ಏಳೆಂಟು ವ್ಯಾಟ್‌ನಲ್ಲಿ ನಿಲ್ಲುತ್ತದೆ, ಬ್ಯಾಟರಿ ಆರೇಳು ಗಂಟೆ ಬರುತ್ತದೆ. ಅಷ್ಟು ಕಟ್ಟಿಹಾಕಿದ ಮೇಲೂ ಅದೇ ಆಟಕ್ಕೆ ಸ್ವಿಚ್ ತಿನ್ನುವುದರ ಎರಡು ಪಟ್ಟಿಗಿಂತ ಹೆಚ್ಚು ತಿನ್ನುತ್ತದೆ ಎನ್ನುವುದನ್ನು ಗಮನಿಸಿ. ಪಿಸಿ ಚಿಪ್ಪಿನ ಹೊಟ್ಟೆ ಅಂಥದ್ದು, ಸುಮ್ಮನೆ ಕೂತರೂ ಅದಕ್ಕೆ ಇಷ್ಟು ಎಂದು ಬೇಕು.

ಹಾಗಾದರೆ ಪವರ್ ಬ್ಯಾಂಕ್ ಇಟ್ಟುಕೊಂಡರಾಯಿತಲ್ಲ ಎನ್ನಬಹುದು. ಮಾಮೂಲಿ 20,000 ಎಂಎಎಚ್ ಪವರ್ ಬ್ಯಾಂಕ್ ಎಂದರೆ 74 ವ್ಯಾಟ್-ಅವರ್. ವೋಲ್ಟೇಜ್ ಏರಿಸುವಲ್ಲಿ, ಬಿಸಿಯಲ್ಲಿ ಹೋಗುವುದನ್ನು ಕಳೆದರೆ ಕೈಗೆ ಸಿಗುವುದು ಹೆಚ್ಚೆಂದರೆ 60. ಅದು ಓಎಲ್‌ಇಡಿ ಸ್ವಿಚ್ಚನ್ನು ಮೂರು ಸಲಕ್ಕಿಂತ ಹೆಚ್ಚು ತುಂಬುತ್ತದೆ, ಡೆಕ್ಕನ್ನು ಒಂದು ಸಲ, ಆಲೈ ಎಕ್ಸನ್ನು ಮುಕ್ಕಾಲು. ಇನ್ನೊಂದು ತೊಡಕಿದೆ. ಫೋನಿಗೆಂದು ಕೊಂಡ 18 ಅಥವಾ 22.5 ವ್ಯಾಟ್‌ನ ಪವರ್ ಬ್ಯಾಂಕ್ ಹಚ್ಚಿ ಪಿಸಿಯಲ್ಲಿ ಭಾರದ ಆಟ ಆಡಿದರೆ, ಚಾರ್ಜಿಂಗ್ ಚಿಹ್ನೆ ಉರಿಯುತ್ತಲೇ ಬ್ಯಾಟರಿ ಮೆಲ್ಲಗೆ ಇಳಿಯುತ್ತಿರುತ್ತದೆ. ಡೆಕ್‌ಗೆ 45 ವ್ಯಾಟ್, ಆಲೈಗೆ 65 ವ್ಯಾಟ್ ಕೊಡಬಲ್ಲ ಪಿಡಿ ಪವರ್ ಬ್ಯಾಂಕೇ ಬೇಕು. ಅದು ದುಬಾರಿ, ಇಟ್ಟಿಗೆಯಷ್ಟು ಭಾರ.

ವಿಮಾನದಲ್ಲಂತೂ ಈಗ ಪವರ್ ಬ್ಯಾಂಕ್ ನೆಚ್ಚಿಕೊಳ್ಳುವ ಕಾಲ ಹೋಯಿತು. ಅದನ್ನು ಕೈಚೀಲದಲ್ಲೇ ಒಯ್ಯಬೇಕು, 100 ವ್ಯಾಟ್-ಅವರ್ ಒಳಗಿರಬೇಕು ಎನ್ನುವುದು ಹಳೆಯ ನಿಯಮ. ಹೊಸದೇನೆಂದರೆ ಹಲವು ಏರ್‌ಲೈನ್‌ಗಳು ಹಾರಾಟದ ನಡುವೆ ಅದನ್ನು ಬಳಸುವುದನ್ನೇ ನಿಲ್ಲಿಸಿವೆ: ಸಿಂಗಪುರ್ ಏರ್‌ಲೈನ್ಸ್ 2025ರ ಏಪ್ರಿಲ್‌ನಿಂದ, ಎಮಿರೇಟ್ಸ್ ಅದೇ ವರ್ಷದ ಅಕ್ಟೋಬರ್‌ನಿಂದ. ಬೆಂಗಳೂರಿನಿಂದ ದುಬೈಗೆ ನಾಲ್ಕು ಗಂಟೆ. ಸೀಟಿನ ಹಳೆಯ ಯುಎಸ್‌ಬಿ ರಂಧ್ರದಿಂದ ಬರುವುದು ಹತ್ತು ಹನ್ನೆರಡು ವ್ಯಾಟ್‌ಗಿಂತ ಹೆಚ್ಚಲ್ಲ. ಹಳೆಯ ಸ್ವಿಚ್‌ಗೆ ಅದು ಸಾಕಾಗಿ ಮಿಗುತ್ತದೆ, ಆಡುತ್ತಿರುವ ಪಿಸಿಗೆ ಎಲ್ಲಿಗೂ ಸಾಲದು. ಯಂತ್ರದ ಸ್ವಂತ ಬ್ಯಾಟರಿಯಲ್ಲಿ ಎಷ್ಟಿದೆಯೋ ಅಷ್ಟೇ ನಿಮ್ಮ ಆಟ. ರೈಲಿನಲ್ಲಿ ಸಾಕೆಟ್ ಇದೆ, ಆದರೆ ರಾತ್ರಿ 11ರಿಂದ ಬೆಳಗಿನ 5ರವರೆಗೆ ಬೆಂಕಿಯ ಭಯಕ್ಕೆ ಅದನ್ನು ಬಂದ್ ಮಾಡುವ ರೂಢಿಯೂ ಇದೆ. ಸಾಕೆಟ್ ಪಕ್ಕ 110 ವೋಲ್ಟ್ ಎಂದು ಬರೆದಿದ್ದರೆ ಗಾಬರಿ ಬೇಡ. ಚಾರ್ಜರ್ ಮೇಲೆ 100–240 ಎಂದಿದ್ದರೆ ನಡೆಯುತ್ತದೆ. ಮೇಲಿನ ಬರ್ತಿನವರಿಗೆ ಆ ಸಾಕೆಟ್ ಕೈಗೆಟುಕುತ್ತದೆಯೇ ಎನ್ನುವುದು ಬೇರೆಯೇ ಪ್ರಶ್ನೆ.

ಮೇಲಿನ ಬರ್ತ್ ಎಂದಾಗ ತೂಕದ ಮಾತೂ ಬರುತ್ತದೆ. ಓಎಲ್‌ಇಡಿ ಸ್ವಿಚ್ 420 ಗ್ರಾಂ, ಡೆಕ್ 640, ಮೊದಲ ಲೀಜನ್ ಗೋ 850 ದಾಟುತ್ತದೆ. ಅಂಗಾತ ಮಲಗಿ ಮುಖದ ಮೇಲೆ ಮುಕ್ಕಾಲು ಕಿಲೋ ಎತ್ತಿ ಹಿಡಿದು ನೋಡಿ, ಹತ್ತೇ ನಿಮಿಷಕ್ಕೆ ಮಣಿಕಟ್ಟು ದೂರು ಹೇಳುತ್ತದೆ. ಫ್ಯಾನಿನ ಸದ್ದು ಎದುರಿನ ಬರ್ತಿನವರ ನಿದ್ದೆ ಕೆಡಿಸುವುದೂ ಉಂಟು.

ನೆಟ್‌ವರ್ಕ್ ಇಲ್ಲದ ಕಡೆ ಏನಾಗುತ್ತದೆ ಎನ್ನುವುದು ಓಡಾಡುವವರಿಗೆ ಎರಡನೆಯ ದೊಡ್ಡ ಪರೀಕ್ಷೆ. ಕಾರ್ಟ್ರಿಜ್ ಹಾಕಿ ಆಡುವ ಹಳೆಯ ಸ್ವಿಚ್ ಇದರಲ್ಲಿ ನಿಶ್ಚಿಂತ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಸುರಂಗದ ಮೇಲೆ ಸುರಂಗ ದಾಟುತ್ತಿದ್ದರೂ ಅದು ಯಾರನ್ನೂ ಕೇಳುವುದಿಲ್ಲ. ಆದರೆ ಸ್ವಿಚ್ 2ಕ್ಕೆ ಬರುವ ಕೆಲವು ಪೆಟ್ಟಿಗೆಗಳಲ್ಲಿ ಸಿಗುವುದು ಬರೀ ಬೀಗದ ಕೈ. ಗೇಮ್-ಕೀ ಕಾರ್ಡ್ ಎಂದು ಅದರ ಹೆಸರು. ಆಟ ಅದರೊಳಗಿಲ್ಲ, ಕಾರ್ಡ್ ತೋರಿಸಿ ಇಂಟರ್ನೆಟ್‌ನಿಂದ ಇಳಿಸಿಕೊಳ್ಳಬೇಕು. ಪೆಟ್ಟಿಗೆಯ ಮುಂಭಾಗದಲ್ಲೇ ಇದನ್ನು ಅಚ್ಚು ಹಾಕಿರುತ್ತಾರೆ, ಕೊಳ್ಳುವ ಮುಂಚೆ ಓದಬೇಕು.

ಪಿಸಿಯಲ್ಲಿ ಎಲ್ಲವೂ ಡೌನ್‌ಲೋಡ್. ಸೈಬರ್‌ಪಂಕ್ 2077ಕ್ಕೆ 70 ಜಿಬಿ ಬೇಕು, ಬಾಲ್ಡರ್ಸ್ ಗೇಟ್ 3ಕ್ಕೆ ಅದರ ಎರಡು ಪಟ್ಟು. ದಿನಕ್ಕೆ 2 ಜಿಬಿ ಪ್ಲಾನ್ ಇರುವ ಫೋನಿನ ಹಾಟ್‌ಸ್ಪಾಟ್ ನಂಬಿದರೆ ಮೊದಲನೆಯದೇ ತಿಂಗಳು ದಾಟುತ್ತದೆ. ಆದ್ದರಿಂದ ಮನೆಯ ವೈ-ಫೈನಲ್ಲೇ ಇಳಿಸಬೇಕು, ಮತ್ತು ಇಳಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಪ್ರತಿ ಆಟವನ್ನೂ ಇಂಟರ್ನೆಟ್ ಇರುವಾಗ ಒಮ್ಮೆ ತೆರೆದು, ಮೆನು ದಾಟಿ ಆಟದೊಳಕ್ಕೆ ಹೋಗಿ ಬರಬೇಕು. ಮೊದಲ ಸಲ ತೆರೆದಾಗಲೇ ಲೈಸೆನ್ಸ್ ಪರೀಕ್ಷೆ ಆಗುವುದು, ಬೇಕಾದ ಚೂರುಪಾರು ಫೈಲುಗಳು ಬರುವುದು. ಯೂಬಿಸಾಫ್ಟ್, ಇಎ ಥರದ ಕಂಪನಿಗಳ ಆಟಗಳಲ್ಲಿ ಸ್ಟೀಮ್‌ನ ಹಿಂದೆ ಇನ್ನೊಂದು ಲಾಂಚರ್ ಕಾದು ಕೂತಿರುತ್ತದೆ, ಅದಕ್ಕೂ ಲಾಗಿನ್ ಆಗಿರಬೇಕು. ಆಮೇಲೆ ಸ್ಟೀಮ್ ಸೆಟ್ಟಿಂಗ್ಸ್‌ನಲ್ಲಿ ಆಫ್‌ಲೈನ್ ಮೋಡ್ ಹಾಕಿ, ವೈ-ಫೈ ಆರಿಸಿ, ಮತ್ತೊಮ್ಮೆ ತೆರೆದು ನೋಡಬೇಕು. ಇಷ್ಟನ್ನೂ ಹೊರಡುವ ಹಿಂದಿನ ರಾತ್ರಿ ಮಾಡಿದವರಿಗೆ ದಾರಿಯಲ್ಲಿ ತೊಂದರೆ ಬರುವುದು ಅಪರೂಪ. ಮಾಡದವರು ವಿಮಾನ ಮೇಲೇರಿದ ಮೇಲೆ ಸರ್ವರ್ ಸಿಗುತ್ತಿಲ್ಲ ಎನ್ನುವ ಸಂದೇಶವನ್ನು ನಾಲ್ಕು ಗಂಟೆ ನೋಡುತ್ತಾರೆ.

ಸೇವ್ ಫೈಲಿನಲ್ಲೂ ಒಂದು ಸೂಕ್ಷ್ಮವಿದೆ. ದಾರಿಯಲ್ಲಿ ಡೆಕ್‌ನಲ್ಲಿ ಆಡಿದ್ದನ್ನು ಮನೆಯ ಲ್ಯಾಪ್‌ಟಾಪ್‌ನಲ್ಲಿ ಮುಂದುವರಿಸಬಹುದಾದ್ದು ಸ್ಟೀಮ್‌ನ ದೊಡ್ಡ ಲಾಭ. ಆದರೆ ಸಾಮಾನ್ಯವಾಗಿ ಸೇವ್ ಮೇಲಕ್ಕೆ ಹೋಗುವುದು ಆಟವನ್ನು ಮುಚ್ಚಿದಾಗ. ಆಟ ತೆರೆದಿರುವಂತೆಯೇ ಯಂತ್ರವನ್ನು ಮಲಗಿಸಿ ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದರೆ ಅಲ್ಲಿ ಹಳೆಯ ಸೇವೇ ಇರುತ್ತದೆ. ಅದರ ಮೇಲೆ ಆಡಿಬಿಟ್ಟರೆ ಮುಂದೆ ಸ್ಟೀಮ್ ಎರಡರಲ್ಲಿ ಯಾವುದನ್ನು ಇಟ್ಟುಕೊಳ್ಳಲಿ ಎಂದು ಕೇಳುತ್ತದೆ. ಯಾವುದನ್ನು ಆರಿಸಿದರೂ ಇನ್ನೊಂದು ಹೋಯಿತು. ಲಾಡ್ಜಿನ ವೈ-ಫೈ ಸಿಕ್ಕ ಕೂಡಲೇ ಆಟವನ್ನು ಸರಿಯಾಗಿ ಮುಚ್ಚಿ, ಮೋಡದ ಗುರುತು ಸುತ್ತುವುದು ನಿಲ್ಲುವವರೆಗೆ ಕಾಯುವುದೊಂದೇ ದಾರಿ.

ಇಷ್ಟು ಹೇಳಿದ ಮೇಲೆ ಒಂದು ನಿಜವಾದ ಆಯ್ಕೆಯನ್ನೇ ನೋಡೋಣ. ನನ್ನ ಪರಿಚಯದ ಹುಬ್ಬಳ್ಳಿಯ ಹುಡುಗನೊಬ್ಬ ಲ್ಯಾಬುಗಳಲ್ಲಿ ರಕ್ತ ಪರೀಕ್ಷೆ ಮಾಡುವ ಯಂತ್ರಗಳ ಸರ್ವಿಸ್ ಎಂಜಿನಿಯರ್. ವಾರಕ್ಕೊಮ್ಮೆ ಬೆಂಗಳೂರಿಗೆ ರಾತ್ರಿ ರೈಲು, ನಡುವೆ ಬಳ್ಳಾರಿ, ಕಲಬುರಗಿ, ಆಗೊಮ್ಮೆ ಈಗೊಮ್ಮೆ ತರಬೇತಿಗೆಂದು ದುಬೈ. ಬ್ಯಾಗಿನಲ್ಲಿ ಕಂಪನಿಯ ಲ್ಯಾಪ್‌ಟಾಪ್ ಇರಲೇಬೇಕು.

“ಸರ, ನಾ ಆಡೂದು ದಿನಕ್ಕ ಒಂದ್ ತಾಸು. ಅದೂ ಒಮ್ಮೆಲೆ ಅಲ್ಲ, ತುಂಡು ತುಂಡು. ಸ್ವಿಚ್ ತಗೊಳ್ಳಲೋ, ಆಲೈ ತಗೊಳ್ಳಲೋ?” ಎಂದ.

ತುಂಡು ತುಂಡು ಎನ್ನುವ ಮಾತು ಕೇಳಿದ ಕೂಡಲೇ ನನ್ನ ಮನಸ್ಸು ಸ್ವಿಚ್ ಕಡೆ ವಾಲಿತು. ಆದರೂ ಮನೆಯಲ್ಲಿ ಯಾವುದರಲ್ಲಿ ಆಡುತ್ತೀಯ ಎಂದು ಕೇಳಿದೆ.

“ಮನ್ಯಾಗ ನಂದ ಒಂದು ಲ್ಯಾಪ್‌ಟಾಪ್ ಐತ್ರಿ. ಸ್ಟೀಮ್ ಸೇಲ್ ಬಂದಾಗೆಲ್ಲ ಗೇಮ್ ತಗೊಂಡು ಇಟ್ಟೀನಿ. ಅರ್ಧಕ್ಕರ್ಧ ತೆಗದ್ ಸೈತ ನೋಡಿಲ್ಲ.”

ಲೆಕ್ಕ ತಿರುಗಿದ್ದು ಇಲ್ಲಿ. ಸ್ಟಾರ್ಡ್ಯೂ ವ್ಯಾಲಿ, ಹೇಡಿಸ್, ವಿಚರ್ 3 ಈ ಮೂರೂ ಅವನ ಬಳಿ ಆಗಲೇ ಇವೆ, ಮೂರೂ ಸ್ವಿಚ್‌ಗೂ ಸಿಗುತ್ತವೆ. ಆದರೆ ಸ್ವಿಚ್ ಕೊಂಡರೆ ಮೂರನ್ನೂ ಮತ್ತೆ ದುಡ್ಡು ಕೊಟ್ಟು ಕೊಳ್ಳಬೇಕು. ಸ್ಟೀಮ್‌ನಲ್ಲಿ ಬೆಲೆ ರೂಪಾಯಿಯಲ್ಲಿದೆ, ಸೇಲ್‌ನಲ್ಲಿ ಅರ್ಧಕ್ಕೂ ಕಾಲಿಗೂ ಇಳಿಯುತ್ತದೆ. ನಿಂಟೆಂಡೊಗೆ ಭಾರತದಲ್ಲಿ ಅಧಿಕೃತ ಆನ್‌ಲೈನ್ ಅಂಗಡಿಯೇ ಇಲ್ಲ. ಇಲ್ಲಿನವರು ಅಮೆರಿಕದಂಥ ಬೇರೆ ದೇಶದ ಖಾತೆ ತೆರೆದು ಗಿಫ್ಟ್ ಕಾರ್ಡ್ ಹಾಕಿ ಕೊಳ್ಳುತ್ತಾರೆ, ಡಾಲರ್ ಲೆಕ್ಕ. ಅದರ ಸ್ವಂತ ಆಟಗಳ ಬೆಲೆ ಇಳಿಯುವುದೂ ಕಡಿಮೆ. ಹಾಗೆಂದು ಮಾರಿಯೊ, ಜೆಲ್ಡಾ ಆಡಲೇಬೇಕು ಎನ್ನುವವರಿಗೆ ಚರ್ಚೆಯೇ ಇಲ್ಲ, ಅವು ಬೇರೆ ಯಾವ ಯಂತ್ರಕ್ಕೂ ಬರುವುದಿಲ್ಲ. ಇವನಿಗೆ ಆ ಹಂಬಲ ಇರಲಿಲ್ಲ.

ಹಾಗಾದರೆ ಸ್ಟೀಮ್ ಡೆಕ್? ಅವನ ಬದುಕಿಗೆ ಎಲ್ಲಕ್ಕಿಂತ ಚೆನ್ನಾಗಿ ಹೊಂದುವುದು ಅದೇ. ಆದರೆ ಅದನ್ನೂ ವಾಲ್ವ್ ಭಾರತದಲ್ಲಿ ಮಾರುವುದಿಲ್ಲ. ಆಮದು ಮಾಡಿದವರಿಂದ ಕೊಂಡರೆ ಬೆಲೆಯ ಮೇಲೆ ಬೆಲೆ, ಕೆಟ್ಟರೆ ಕಂಪನಿಯ ವಾರಂಟಿ ಇಲ್ಲ. ಸ್ವಿಚ್‌ನದೂ ಇದೇ ಪಾಡು. ನಮ್ಮ ದೇಶದ ಓಡಾಡುವವರ ದುರದೃಷ್ಟ ಇದು: ನೆಮ್ಮದಿಯಾಗಿ ಮಲಗುವ ಎರಡು ಯಂತ್ರಗಳಿಗೆ ಇಲ್ಲಿ ಸರ್ವಿಸ್ ಇಲ್ಲ, ಇಲ್ಲಿ ಬಿಲ್ಲು ಮತ್ತು ಸರ್ವಿಸ್ ಸೆಂಟರ್ ಸಮೇತ ಸಿಗುವ ಆಲೈ, ಲೀಜನ್ ಗೋಗಳಿಗೆ ನಿದ್ದೆ ಸರಿಯಿಲ್ಲ. ಓಡಾಟದಲ್ಲಿ ಯಂತ್ರ ಬೀಳುವುದು, ಸ್ಟಿಕ್ ಸವೆಯುವುದು, ಚಾರ್ಜಿಂಗ್ ರಂಧ್ರ ಸಡಿಲವಾಗುವುದು ಮನೆಯಲ್ಲಿಗಿಂತ ಹೆಚ್ಚು. ಬಿದ್ದದ್ದಕ್ಕೆ ವಾರಂಟಿ ಬರದಿದ್ದರೂ ಬಿಡಿಭಾಗ ಸಿಗುವ ಒಂದು ಜಾಗವಾದರೂ ಇರಬೇಕಲ್ಲ.

ಈ ಇಕ್ಕಟ್ಟಿಗೆ ಈಗ ಒಂದು ನಡುದಾರಿ ಇದೆ. 2025ರ ಮೇ ತಿಂಗಳ ಸ್ಟೀಮ್‌ಓಎಸ್ 3.7ರಿಂದ ವಾಲ್ವ್ ತನ್ನ ಸಾಫ್ಟ್‌ವೇರನ್ನು ಎಎಂಡಿ ಚಿಪ್ ಇರುವ ಬೇರೆ ಹ್ಯಾಂಡ್‌ಹೆಲ್ಡ್‌ಗಳಿಗೂ ಹಾಕಿಕೊಳ್ಳಲು ಬಿಟ್ಟಿದೆ. ಲೀಜನ್ ಗೋ ಎಸ್‌ಗೆ ಅಧಿಕೃತವಾಗಿಯೇ, ಆಲೈಯಂಥವಕ್ಕೆ ಸುಧಾರಿಸುತ್ತಿರುವ ಬೆಂಬಲ ಎನ್ನುವ ಮಟ್ಟಿಗೆ. ಯುಎಸ್‌ಬಿ ಪೆನ್‌ಡ್ರೈವ್‌ನಿಂದ ಹಾಕುವುದು ವಿಂಡೋಸ್ ಹಾಕಿದಷ್ಟೇ ಕೆಲಸ, ಆದರೆ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಕಳೆದುಕೊಳ್ಳುವುದೂ ಇದೆ. ಪಿಸಿ ಗೇಮ್ ಪಾಸ್‌ನ ಡೌನ್‌ಲೋಡ್ ಆಟಗಳು ಹೋಗುತ್ತವೆ. ಕಳ್ಳಾಟ ತಡೆಯುವ ಬಿಗಿ ಸಾಫ್ಟ್‌ವೇರ್ ಬೇಡುವ ವ್ಯಾಲರಂಟ್, ಫೋರ್ಟ್‌ನೈಟ್, ಇತ್ತೀಚಿನ ಇಎ ಫುಟ್‌ಬಾಲ್ ಆಟಗಳು ಲಿನಕ್ಸ್‌ನಲ್ಲಿ ಓಡುವುದಿಲ್ಲ. ನಿಮ್ಮ ಆಟ ಓಡುತ್ತದೆಯೇ ಎಂದು ಸ್ಟೀಮ್‌ನಲ್ಲಿ ಪ್ರತಿ ಆಟದ ಪುಟದಲ್ಲೂ ಡೆಕ್ ಹೊಂದಾಣಿಕೆಯ ಗುರುತು ಇರುತ್ತದೆ: `Verified` ಎಂದಿದ್ದರೆ ಯೋಚನೆ ಬೇಡ, `Playable` ಎಂದರೆ ಅಲ್ಲಲ್ಲಿ ಚಿಕ್ಕ ಅಕ್ಷರ ಅಥವಾ ಬಟನ್ ಹೊಂದಿಸುವ ಕಿರಿಕಿರಿ, `Unsupported` ಎಂದರೆ ಆಸೆ ಬಿಡಿ.

ಕೆಲಸಕ್ಕೂ ಆಗುತ್ತದೆ ಎಂದು ವಿಂಡೋಸ್ ಉಳಿಸಿಕೊಳ್ಳಬೇಕೇ? ಅವನೂ ಇದನ್ನು ಕೇಳಿದ. ಏಳು ಇಂಚಿನಲ್ಲಿ ಎಕ್ಸೆಲ್ ಹಾಳೆ ತೆರೆಯಬಹುದು, ಕೀಬೋರ್ಡೂ ಜೋಡಿಸಬಹುದು. ಕಂಪನಿಯವರು ತಮ್ಮ ವಿಪಿಎನ್ನನ್ನು ನಿಮ್ಮ ಗೇಮ್ ಯಂತ್ರಕ್ಕೆ ಹಾಕಿಕೊಡುತ್ತಾರೆಯೇ ಎಂದು ಒಮ್ಮೆ ಕೇಳಿ ನೋಡಿ, ಸಾಕು. ಆಫೀಸಿನ ಲ್ಯಾಪ್‌ಟಾಪ್ ಹೇಗೂ ಬ್ಯಾಗಿನಲ್ಲಿರುತ್ತದೆ ಎಂದಮೇಲೆ ಈ ನೆಪಕ್ಕಾಗಿ ಹೆಚ್ಚು ದುಡ್ಡು ಹಾಕುವುದು ದಂಡ.

ನಾನು ಅವನಿಗೆ ಹೇಳಿದ್ದು ಆಲೈ ಎಕ್ಸ್. ಬಿಡುಗಡೆಯಾದಾಗ ಅದರ ಬೆಲೆ 89,990 ರೂಪಾಯಿ ಇತ್ತು. ಸ್ವಿಚ್ 2 ಅಮೆರಿಕದಲ್ಲಿ 450 ಡಾಲರ್‌ಗೆ ಬಂದದ್ದು ನೋಡಿದರೆ ಇದು ಬಹಳವೇ ದುಬಾರಿ. ಆದರೆ ಆಟಗಳು ಕೈಯಲ್ಲಿವೆ, 80 ವ್ಯಾಟ್-ಅವರ್ ಇರುವುದರಿಂದ ದುಬೈ ಹಾರಾಟಕ್ಕೆ ಪವರ್ ಬ್ಯಾಂಕ್ ಬೇಡ, ಸರ್ವಿಸ್ ಇದೆ. ಮೊದಲ ತಿಂಗಳು ವಿಂಡೋಸನ್ನೇ ಇಟ್ಟುಕೊಂಡು ಪವರ್ ಬಟನ್ನನ್ನು ಹೈಬರ್ನೇಟ್‌ಗೆ ಬದಲಿಸಿಕೋ, ವಾರಂಟಿಗೆ ಬರುವ ದೋಷಗಳು ಆ ಅವಧಿಯಲ್ಲೇ ಕಾಣಿಸಿಕೊಳ್ಳಲಿ, ಆಮೇಲೆ ವಿಂಡೋಸ್‌ಗೆ ವಾಪಸಾಗುವ ರಿಕವರಿ ದಾರಿಯನ್ನು ತಿಳಿದಿಟ್ಟುಕೊಂಡು ಸ್ಟೀಮ್‌ಓಎಸ್ ಹಾಕು ಎಂದೆ. ಇಷ್ಟೆಲ್ಲ ತಲೆನೋವು ಬೇಡ ಎನ್ನುವಂತಿದ್ದರೆ, ಸ್ಟೀಮ್‌ನಲ್ಲಿ ಒಂದು ಆಟವೂ ಇಲ್ಲದಿದ್ದರೆ, ದುಬೈಗೆ ಹೋಗಿ ಬರುವವನೇ ಆದ್ದರಿಂದ ಅಲ್ಲಿಂದ ಓಎಲ್‌ಇಡಿ ಸ್ವಿಚ್ ಮತ್ತು ಎರಡು ಕಾರ್ಟ್ರಿಜ್ ತಾ ಎನ್ನುತ್ತಿದ್ದೆ. ಆಡಿ ಮುಗಿಸಿದ ಕಾರ್ಟ್ರಿಜ್ ಮಾರಲೂ ಬರುತ್ತದೆ. ಸ್ಟೀಮ್ ಆಟ ಒಮ್ಮೆ ಕೊಂಡರೆ ಕೊನೆಯವರೆಗೂ ನಿಮ್ಮದೇ.

ಅಂಗಡಿಗೆ ಹೋಗುವವರು ಡೆಮೊ ಯಂತ್ರದಲ್ಲಿ ಒಂದು ಕೆಲಸ ಮಾಡಬಹುದು. ಆಟ ಓಡುತ್ತಿರುವಾಗ ಪವರ್ ಬಟನ್ ಒತ್ತಿ ಮಲಗಿಸಿ, ಬ್ಯಾಟರಿ ಶೇಕಡಾ ಎಷ್ಟಿತ್ತೆಂದು ಬರೆದಿಟ್ಟುಕೊಂಡು, ಹೊರಗೆ ಹೋಗಿ ಒಂದು ಕಾಫಿ ಕುಡಿದು ಬಂದು ಮತ್ತೆ ಬಟನ್ ಒತ್ತಿ. ಚಾರ್ಜರ್ ಕಿತ್ತಿರುವುದನ್ನು ಮಾತ್ರ ಮೊದಲೇ ನೋಡಿಕೊಳ್ಳಿ, ಅಂಗಡಿಯವರು ಸಾಮಾನ್ಯವಾಗಿ ಹಚ್ಚಿಯೇ ಇಟ್ಟಿರುತ್ತಾರೆ.